ಇವತ್ತು ಯಾವ ಮೂರು?

ಪಾಲಿಬೆಟ್ಟದ ಕಡೆ ನಮ್ಮ ಕಂಪನಿಗೆ ಐದು ಕಾಫಿ ತೋಟಗಳಿದ್ದವು. ಐದಕ್ಕೂ ಸೇರಿ ಒಂದು ಹೆಡ್ಡಾಫೀಸು, ಅದರಲ್ಲೊಂದು ಮೀಟಿಂಗ್ ಕೋಣೆ, ಆ ಕೋಣೆಯ ಗೋಡೆಗೆ ಎಂಟಡಿ ಉದ್ದದ ಒಂದು ಕರಿಹಲಗೆ. ಈಗಿನವರು ಕಂಪ್ಯೂಟರಿನ ಪರದೆ ಮೇಲೆ ಬಣ್ಣಬಣ್ಣವಾಗಿ ಹೊಳೆಯುವಂತೆ ಮಾಡಿ ಡ್ಯಾಶ್‌ಬೋರ್ಡ್ ಅನ್ನುತ್ತಾರಲ್ಲ, ನಮ್ಮ ಹಲಗೆಯೂ ಅದೇ. ಹೊಳೆಯುತ್ತಿರಲಿಲ್ಲ, ಅಷ್ಟೆ. ಅಡ್ಡಕ್ಕೆ ಐದು ತೋಟಗಳ ಸಾಲು, ಉದ್ದಕ್ಕೆ ಇಪ್ಪತ್ತೆರಡು ಕಾಲಮ್ಮು. ಗೆರೆಗಳನ್ನು ಬಿಳಿ ಪೇಂಟಿನಲ್ಲಿ ಎಳೆದಿದ್ದರು, ಅಂಕಿಗಳನ್ನು ಸೀಮೆಸುಣ್ಣದಲ್ಲಿ ನಾನು ತುಂಬಬೇಕಿತ್ತು. ಪ್ರತಿ ಶನಿವಾರ ಐದು ತೋಟಗಳಿಂದ ಚೀಟಿ ಬರುತ್ತಿತ್ತು, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಲಗೆ ಸಿದ್ಧ ಇರಬೇಕಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಾನು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡಿದ್ದ, ಹಾಸನದ ಕಡೆಯಿಂದ ಬಂದ ಮನೆಯವನು. ಅಕ್ಷರ ದುಂಡಗಿತ್ತು, ಕೂಡಿಸಿ ಕಳೆಯುವುದು ಬೇಗ ಬರುತ್ತಿತ್ತು. ಆ ಎರಡೇ ಗುಣದಿಂದ ಗುಮಾಸ್ತನಾದೆ. ಮೂರನೆಯ ಗುಣವೊಂದು ಇತ್ತು, ಮಾತು. ಅದು ನನ್ನಲ್ಲಿ ಇದೆ ಅಂತ ಗೊತ್ತಾಗದೇ ಹೋಗಿದ್ದರೆ ಒಳ್ಳೆಯದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಸೋಮವಾರದ ಮೀಟಿಂಗಿಗೆ ಐದು ತೋಟದ ಮ್ಯಾನೇಜರುಗಳು ಬರುತ್ತಿದ್ದರು. ಬಿಳಿಯರು ಹೋದರೂ ಅವರ ಜೊತೆಗೆ ಪದ ಹೋಗಿರಲಿಲ್ಲ, ಸಾಲಾಗಿ ಕಟ್ಟಿದ ಲೈನುಮನೆಗಳ ಕೂಲಿಯವರಿಂದ ಹಿಡಿದು ನಮ್ಮ ತನಕ ಎಲ್ಲರಿಗೂ ಮ್ಯಾನೇಜರು ಅಂದರೆ ದೊರೆ. ಐವರ ಮೇಲೆ ಸೂಪರಿಂಟೆಂಡೆಂಟು, ಅವರು ದೊಡ್ಡ ದೊರೆ. ನಾನು ಸೇರುವ ಹೊತ್ತಿಗೆ ಹಳೆಯ ಹೆಡ್‌ಕ್ಲಾರ್ಕು ಹಲಗೆಯನ್ನು ಎಡದಿಂದ ಬಲಕ್ಕೆ ಪೂರ್ತಿ ಓದುತ್ತಿದ್ದರು. ಮಳೆ ಇಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಇಷ್ಟು, ಹಾಜರಿ ಇಷ್ಟು, ಕೊಯ್ದ ಹಣ್ಣು ಇಷ್ಟು, ನೀರಿಗೆ ಹಾಕಿದಾಗ ಜೊಳ್ಳಾಗಿ ತೇಲಿದ ಹಣ್ಣು ಇಷ್ಟು, ಕಣದಲ್ಲಿರುವುದು, ಗೋಡೌನಿನಲ್ಲಿರುವುದು, ಕೊರಕ ಹುಳು ಹಿಡಿದು ಕಿತ್ತ ಗಿಡ, ಮದ್ದು ಹೊಡೆದ ಎಕರೆ, ಗೊಬ್ಬರದ ಗಾಡಿ, ಎತ್ತು, ಸೌದೆ. ಕೊನೆಗೆ, ಕಿಟಕಿಯ ಪಕ್ಕದಲ್ಲಿ, ಇಪ್ಪತ್ತೆರಡನೆಯ ಕಾಲಮ್ಮು: ಲೈನಿನಲ್ಲಿ ಕಾಯಿಲೆ ಬಿದ್ದವರು. ಒಟ್ಟು ನೂರಾ ಹತ್ತು ಅಂಕಿ. ಐವತ್ತನೆಯದು ಮುಗಿಯುವಷ್ಟರಲ್ಲಿ ಒಬ್ಬ ದೊರೆ ಕಿತ್ತಳೆ ಸುಲಿಯುತ್ತಿದ್ದರು, ಇಬ್ಬರು ಹಂದಿ ಬೇಟೆಯ ಮಾತಿಗೆ ಇಳಿದಿರುತ್ತಿದ್ದರು. ಹೆಡ್‌ಕ್ಲಾರ್ಕು ಮಾತ್ರ ಸಹಸ್ರನಾಮ ಹೇಳುವವರಂತೆ ಮುಂದೆ ಸಾಗುತ್ತಿದ್ದರು.

ಅವರು ರಿಟೈರಾದಾಗ ಓದುವ ಕೆಲಸ ನನ್ನ ಪಾಲಿಗೆ ಬಂತು. ಅದೇ ಸಮಯಕ್ಕೆ ಹೊಸ ದೊಡ್ಡ ದೊರೆ ಮದರಾಸಿನ ಕಡೆಯಿಂದ ಬಂದರು. ತೆಳ್ಳಗೆ, ಚೊಕ್ಕ ಮನುಷ್ಯ. ಮೇಜಿನ ಮೇಲೆ ಎರಡು ಪೆನ್ಸಿಲ್ಲಿದ್ದರೆ ಒಂದನ್ನು ಒಳಗಿಡುವಂಥವರು. ನಾನು ಮೊದಲನೇ ಸೋಮವಾರ ನೂರಾ ಹತ್ತನ್ನೂ ಓದಿ ಮುಗಿಸಿ ನೀರು ಕುಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಈಗ ಇದನ್ನೆಲ್ಲ ಕೇಳಿ ಈ ಐದು ಜನ ಏನು ಮಾಡಬೇಕು?"

ವಾರವಿಡೀ ಅದೇ ಪ್ರಶ್ನೆ ತಲೆ ತಿಂದಿತು.

ಮುಂದಿನ ಸೋಮವಾರ ಹಲಗೆ ತುಂಬ ಅಂಕಿ ಇತ್ತು, ಆದರೆ ನಾನು ಮೂರನ್ನು ಮಾತ್ರ ತೋರಿಸಿದೆ. ಕೊಯ್ಲಿನ ಕಾಲ. "ಸರ್, ಉಳಿದದ್ದು ಹಲಗೆಯಲ್ಲಿದೆ, ಬೇಕಾದಾಗ ನೋಡಬಹುದು. ಈ ವಾರ ಮೂರೇ ಅಂಕಿ," ಅಂದೆ. ಮೊದಲನೆಯದು, ಎರಡನೇ ತೋಟದಲ್ಲಿ ಕೊಯ್ದ ಹಣ್ಣು: ಹೋದ ವಾರಕ್ಕಿಂತ ಒಂದೂವರೆ ಪಟ್ಟು. ಎರಡನೆಯದು, ಅಲ್ಲಿನ ಕಣದಲ್ಲಿ ಸಿಪ್ಪೆ ಬಿಡಿಸಿದ ಕಾಫಿಬೇಳೆ ಒಣಗಲು ಹಿಡಿಯುತ್ತಿರುವ ದಿನ: ಎಂಟಿದ್ದದ್ದು ಹನ್ನೊಂದಾಗಿತ್ತು, ಮೋಡ ಕವಿದಿತ್ತಲ್ಲ. ಮೂರನೆಯದು, ಪಕ್ಕದ ಮೂರನೇ ತೋಟದ ಕಣದಲ್ಲಿ ಖಾಲಿ ಬಿದ್ದಿರುವ ಜಾಗ. ಒಂದೊಂದಕ್ಕೂ ಹೋದ ವಾರ ಎಷ್ಟಿತ್ತು, ಈಗ ಎಷ್ಟು, ಯಾಕೆ ಬದಲಾಯಿತು ಅಂತ ಹೇಳಿದೆ. ಆಮೇಲೆ ಮೂರನ್ನೂ ಪೋಣಿಸಿದೆ: ಹಣ್ಣು ಹೀಗೇ ಬಂದರೆ ಗುರುವಾರದ ಹೊತ್ತಿಗೆ ಒದ್ದೆ ಬೇಳೆಯನ್ನು ರಾಶಿ ಹಾಕಬೇಕಾಗುತ್ತದೆ, ರಾಶಿ ಹಾಕಿದರೆ ಹುಳಿ ವಾಸನೆ ಹಿಡಿಯುತ್ತದೆ, ಆದ್ದರಿಂದ ಲಾರಿಯಲ್ಲಿ ಮೂರನೇ ತೋಟಕ್ಕೆ ಕಳಿಸುವುದೋ, ಎರಡು ದಿನ ಕೊಯ್ಲು ನಿಧಾನ ಮಾಡುವುದೋ ಇವತ್ತೇ ಹೇಳಬೇಕು.

ಕಿತ್ತಳೆ ಸುಲಿಯುವ ದೊರೆ ಕೈ ಒರೆಸಿಕೊಂಡು ನೆಟ್ಟಗೆ ಕೂತರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ದೊಡ್ಡ ದೊರೆ ಹೊರಡುವಾಗ ನನ್ನ ಕಡೆ ನೋಡಿ ತಲೆಯಾಡಿಸಿದರು. ಆ ಒಂದು ತಲೆಯಾಡಿಕೆಗೆ ನಾನು ನೆಲದಿಂದ ಒಂದು ಗೇಣು ಮೇಲಿದ್ದೆ.

ಅಲ್ಲಿಂದ ಮುಂದೆ ನನಗೊಂದು ಕಟ್ಟಳೆ ಆಯಿತು. ಮೂರರಲ್ಲಿ ಸೇರಬೇಕಾದರೆ ಅಂಕಿ ಹೋದ ವಾರಕ್ಕಿಂತ ಬದಲಾಗಿರಬೇಕು, ಆ ಕೋಣೆಯಲ್ಲಿ ಕೂತವರ ಕೈಗೆ ಸಿಗುವಂಥದ್ದಾಗಿರಬೇಕು, ಈ ವಾರವೇ ಏನಾದರೂ ಮಾಡಬೇಕಾದದ್ದಾಗಿರಬೇಕು. ಎಷ್ಟು ಮಳೆ ಬಂತು ಅನ್ನುವುದಕ್ಕೆ ದೊರೆಗಳು ಏನೂ ಮಾಡಲಾರರು, ಬಿಡು. ಎತ್ತಿನ ಲೆಕ್ಕ ವರ್ಷಗಟ್ಟಲೆ ಅದೇ, ಬಿಡು. ಕಟ್ಟಳೆ ಚೆನ್ನಾಗಿಯೇ ಇತ್ತು. ಇವತ್ತು ಯಾರಾದರೂ ಕೇಳಿದರೂ ಅದನ್ನೇ ಹೇಳಿಕೊಡುತ್ತೇನೆ.

ಆಫೀಸಿನಲ್ಲಿ ಇದು ತಮಾಷೆಯ ಮಾತಾಯಿತು. ಟೈಪಿಸ್ಟು, ಡ್ರೈವರು, ಟಪಾಲಿನವನು, ಸೋಮವಾರ ಸಿಕ್ಕಿದವರೆಲ್ಲ ನಮಸ್ಕಾರದ ಬದಲು "ಇವತ್ತು ಯಾವ ಮೂರು?" ಅನ್ನತೊಡಗಿದರು. ಅದನ್ನು ಶುರುಮಾಡಿದವನು ಐದನೇ ತೋಟದ ಕಾಂಪೌಂಡರು.

ಐದನೇ ತೋಟ ಎಲ್ಲಕ್ಕಿಂತ ದೂರ, ಹೊಳೆಯ ಕಡೆಗೆ. ಮಳೆಗಾಲದಲ್ಲಿ ದಾರಿ ಕೊಚ್ಚಿಹೋದರೆ ಎರಡೆರಡು ದಿನ ಲಾರಿ ಹೋಗುತ್ತಿರಲಿಲ್ಲ. ಉಳಿದ ನಾಲ್ಕು ತೋಟದವರು ಮೊದಲನೇ ತೋಟದಲ್ಲಿದ್ದ ಕಂಪನಿ ಆಸ್ಪತ್ರೆಗೆ ನಡೆದು ಬರುತ್ತಿದ್ದರು. ಇದೊಂದು ತೋಟಕ್ಕೆ ಮಾತ್ರ ಹಿಂದಿನ ಕಾಲದಿಂದಲೂ ಲೈನಿನ ತುದಿಯಲ್ಲೊಂದು ಸಣ್ಣ ಡಿಸ್ಪೆನ್ಸರಿ ಮತ್ತು ಅದಕ್ಕೊಬ್ಬ ಕಾಂಪೌಂಡರು. ಶನಿವಾರಸಂತೆಯ ಕಡೆಯವನು. ನನಗಿಂತ ಹತ್ತು ವರ್ಷ ದೊಡ್ಡವನು, ನಾನು ಅಣ್ಣ ಅನ್ನುತ್ತಿದ್ದೆ. ಕೊಡವ, ಮಲಯಾಳ, ತಮಿಳು, ಉರ್ದು ಎಲ್ಲ ಕಲಸಿ ಮಾತಾಡುವ ಆ ಆಫೀಸಿನಲ್ಲಿ ನಮ್ಮೂರ ಕಡೆಯ ಮಾತು ಕೇಳಿಸುತ್ತಿದ್ದದ್ದು ಅವನ ಬಾಯಲ್ಲಿ ಮಾತ್ರ. ಶನಿವಾರ ತೋಟದ ಚೀಟಿ ತರುವ ನೆಪದಲ್ಲಿ ಬಂದು, ನನ್ನ ಬುತ್ತಿಯಲ್ಲಿ ಅರ್ಧ ತಿಂದು, ಅವನ ಬುತ್ತಿಯಲ್ಲಿ ಅರ್ಧ ತಿನ್ನಿಸಿ ಹೋಗುತ್ತಿದ್ದ.

"ಏನ್ ತಮ್ಮ, ಇವತ್ತು ಯಾವ ಮೂರು? ನಮ್ದು ಯಾವತ್ತಾದ್ರೂ ಬತ್ತದೋ ಇಲ್ವೋ?"

"ನಿನ್ನ ಕಾಯಿಲೆಯವರ ಅಂಕಿ ಅಲ್ಲಾಡೋದೇ ಇಲ್ವಲ್ಲಣ್ಣ. ಎರಡು, ಮೂರು, ಎರಡು. ಅದರ ಬಗ್ಗೆ ಏನಂತ ಹೇಳಲಿ?"

"ಅಲ್ಲಾಡಬಾರ್ದು ಅಂತಲೇ ನಾನಲ್ಲಿ ಇರೋದು ಕಣೋ," ಅಂತ ನಗುತ್ತಿದ್ದ. ನಾನೂ ನಗುತ್ತಿದ್ದೆ. ಅವನು ಹೇಳಿದ್ದರಲ್ಲಿ ಎಲ್ಲವೂ ಇತ್ತು, ನನ್ನ ತಲೆಗೆ ಹೋಗಲಿಲ್ಲ.

ಒಮ್ಮೆ ಸ್ಟಾಕು ತಾಳೆ ನೋಡಲು ಐದನೇ ತೋಟಕ್ಕೆ ಹೋಗಿ ಒಂದು ರಾತ್ರಿ ಉಳಿದಿದ್ದೆ. ಬೆಳಿಗ್ಗೆ ಹಾಜರಿ ಕೂಗುವುದಕ್ಕೂ ಮುಂಚೆ ಅವನು ಲೈನಿನಲ್ಲಿದ್ದ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ. ಯಾರ ಒಲೆ ಹೊತ್ತಿಲ್ಲ ಅಂತ ನೋಡುತ್ತಾ ಹೋದ. ಒಲೆ ಹೊತ್ತದ ಮನೆಯಲ್ಲಿ ಯಾರಿಗೋ ಜ್ವರ ಅಂತ ಅವನ ಲೆಕ್ಕ. ಹಾಜರಿಗೆ ನಿಂತವರ ಕಾಲುಗಳನ್ನು ನೋಡುತ್ತಾ ನಡೆದ, ಮುಖ ನೋಡಲಿಲ್ಲ. ಜಿಗಣೆ ಕಚ್ಚಿದ್ದು, ಕತ್ತಿ ತಾಗಿದ್ದು, ಮುಳ್ಳು ಹೊಕ್ಕಿದ್ದು, ಎಲ್ಲವೂ ಕಾಲಿಗೇ. ಒಬ್ಬ ಹೆಂಗಸಿನ ಪಾದದ ಮೇಲೆ ಹಳೆಯ ಹುಣ್ಣು. ಸಕ್ಕರೆ ಕಾಯಿಲೆಯವಳು, ಅದು ಮಾಗುತ್ತಿರಲಿಲ್ಲ. ಕಲ್ಲಿನ ಮೇಲೆ ಕೂರಿಸಿ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಕಟ್ಟಿದ. ಅವಳು ಹಣ್ಣು ಕೊಯ್ಯುವುದರಲ್ಲಿ ಎತ್ತಿದ ಕೈ, ಬಾಯಿಯೂ ಹಾಗೇ. "ಮೂರು ವರ್ಷದಿಂದ ದಿನಾ ಕಟ್ತಾನೆ, ಒಂದು ದಿನ ಬಿಟ್ರೆ ಮನೆಗೇ ಬಂದು ಬೈತಾನೆ. ನನ್ ಗಂಡನೂ ನನ್ ಕಾಲು ಇಷ್ಟು ನೋಡಿಲ್ಲ ಸಾಮಿ," ಅಂದಳು. ಸುತ್ತ ನಿಂತವರೆಲ್ಲ ನಕ್ಕರು. ಅವಳು ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ಹೋದಳು. ಆ ವಾರದ ಹಲಗೆಯಲ್ಲಿ ಅವಳು ಕಾಯಿಲೆಯವಳಲ್ಲ, ಹಾಜರಿದ್ದವಳು.

ಮೂರು ಅಂಕಿಯ ಪದ್ಧತಿ ಶುರುವಾಗಿ ಒಂದು ವರ್ಷ ತುಂಬುತ್ತಾ ಬಂದಿತ್ತು. ಡಿಸೆಂಬರಿನ ನಡುವಿನಲ್ಲಿ ದೊಡ್ಡ ದೊರೆ ನನ್ನನ್ನು ಒಳಗೆ ಕರೆದರು. "ನಿಮ್ಮ ಪದ್ಧತಿ ಚೆನ್ನಾಗಿದೆ. ಒಂದು ಪಟ್ಟಿ ಮಾಡಿ ಕೊಡಿ. ಈ ವರ್ಷ ಯಾವ ಕಾಲಮ್ಮು ನಿಮ್ಮ ಮೂರರಲ್ಲಿ ಎಷ್ಟು ಸಲ ಬಂತು ಅಂತ. ಒಂದು ಸಲವೂ ಬಾರದ ಕಾಲಮ್ಮು ಈ ಹಲಗೆಗೆ ಯಾಕೆ? ಅದರ ಹಿಂದಿನ ಕೆಲಸ ಯಾಕೆ? ಡೈರೆಕ್ಟರು ವರ್ಷದ ಕೊನೆಯ ಸೋಮವಾರ ಬರುತ್ತಾರೆ, ಅವರ ಮುಂದೆ ತೀರ್ಮಾನ ಮಾಡೋಣ."

ನನ್ನ ಡೈರಿಯಲ್ಲಿ ಪ್ರತಿ ಸೋಮವಾರದ ಮೂರೂ ಬರೆದಿಟ್ಟಿದ್ದೆ. ಎಣಿಸಿದೆ. ಕೊಯ್ದ ಹಣ್ಣು, ಹಾಜರಿ, ಕಣ, ಕೊರಕ ಇವೆಲ್ಲ ಮತ್ತೆ ಮತ್ತೆ ಬಂದಿದ್ದವು. ಏಳು ಕಾಲಮ್ಮುಗಳು ಒಮ್ಮೆಯೂ ಬಂದಿರಲಿಲ್ಲ. ಆರರ ಬಗ್ಗೆ ಯಾರೂ ಅಳುವಂತಿರಲಿಲ್ಲ, ಎತ್ತಿನ ಲೆಕ್ಕ, ಸೌದೆ, ಅಂಥವು. ಏಳನೆಯದು ಇಪ್ಪತ್ತೆರಡನೇ ಕಾಲಮ್ಮು. ಅದರ ಮುಂದೆಯೂ ನನ್ನ ದುಂಡು ಅಕ್ಷರದಲ್ಲಿ ಸೊನ್ನೆ ಬರೆದೆ. ಪಟ್ಟಿ ನೋಡಿ ದೊಡ್ಡ ದೊರೆ ಪೆನ್ಸಿಲ್ಲಿನಿಂದ ಆ ಸಾಲಿಗೆ ತಟ್ಟಿದರು. "ಐದನೇ ತೋಟದಲ್ಲಿ ವಾರಕ್ಕೆ ಎರಡು ಮೂರು ರೋಗಿ. ಅದಕ್ಕೆ ಅಲ್ಲೊಬ್ಬ ಕಾಂಪೌಂಡರು, ಒಂದು ಕಟ್ಟಡ. ಕಂಪನಿ ಆಸ್ಪತ್ರೆಗೆ ಬಂದರಾಯಿತು."

"ಸರ್, ಅವನಿರೋದರಿಂದಲೇ..." ಅಂತ ಶುರುಮಾಡಿದೆ.

"ಹಾಗಾದರೆ ಸೋಮವಾರ ಹೇಳಿ. ಇನ್ನೂ ಎರಡು ಸೋಮವಾರ ಇದೆ. ಹೇಳುವಂಥದ್ದಾಗಿದ್ದರೆ ನಿಮ್ಮ ಮೂರರಲ್ಲಿ ತನ್ನಿ, ಅವರು ಕೇಳಲಿ. ಉಳಿಸಿಕೊಳ್ಳೋಣ." ಆ ಮನುಷ್ಯನನ್ನು ನಾನು ಎಷ್ಟೋ ವರ್ಷ ಬೈದುಕೊಂಡಿದ್ದೇನೆ, ಆದರೆ ಅವರು ಹೇಳಿದ್ದರಲ್ಲಿ ಮೋಸವಿರಲಿಲ್ಲ. ಬಾಗಿಲು ತೆರೆದೇ ಇಟ್ಟಿದ್ದರು.

ಶನಿವಾರ ಕಾಂಪೌಂಡರು ಬಂದಾಗ ಎಲ್ಲ ಹೇಳಿದೆ. ಅವನು ಊಟ ನಿಲ್ಲಿಸಿ ಕೇಳಿಸಿಕೊಂಡ. ನಾನು ಜಾಣತನದ ದಾರಿಯೊಂದನ್ನು ತೋರಿಸಿದೆ. "ಈ ವಾರ ಎಂಟೋ ಹತ್ತೋ ಅಂತ ಬರಿ. ಎರಡಿದ್ದದ್ದು ಹತ್ತಾದರೆ ಯಾರಾದರೂ ಕಿವಿ ನಿಮಿರಿಸ್ತಾರೆ. ನಾನು ಮೂರರಲ್ಲಿ ಹಾಕ್ತೀನಿ. ನಿನ್ನ ಕೆಲಸ ಉಳಿಯುತ್ತೆ."

"ಇಲ್ಲದ ಜ್ವರ ಬರಿಯಕ್ಕೆ ಆಗಕಿಲ್ಲ ಕಣಪ್ಪ."

"ಒಂದು ವಾರಕ್ಕೆ ಅಣ್ಣ."

"ಇವತ್ತು ಇಲ್ಲದ್ದು ಬರ್ದ್ರೆ ನಾಳೆ ಇರೋದನ್ನ ಬರ್ದಾಗ ಯಾರು ನಂಬ್ತಾರೆ?" ಅಂದ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದ. "ಆ ಎರಡನ್ನೇ ಹೇಳು ತಮ್ಮ. ಕಮ್ಮಿ ಯಾಕದೆ ಅಂತ ಹೇಳು. ನಿಂಗೆ ಮಾತು ಬತ್ತದೆ."

ನನಗೆ ನಾಚಿಕೆಯಾಯಿತು. ಅದರ ಜೊತೆಗೆ, ಹೌದು, ಹೇಗೆ ಹೇಳಬೇಕು ಅಂತ ಫಕ್ಕನೆ ಹೊಳೆಯಿತು ಕೂಡ. ನಾನು ಇಲ್ಲಿಯ ತನಕ ಒಂದು ಅಂಕಿಯನ್ನು ಅದರ ಹೋದ ವಾರದ ಜೊತೆ ಮಾತ್ರ ಹೋಲಿಸುತ್ತಿದ್ದೆ. ಇದನ್ನು ಹಲಗೆಯಲ್ಲಿ ಮೇಲಿನಿಂದ ಕೆಳಗೆ ಓದಬೇಕು. ಕಾಯಿಲೆಯ ಕಾಲಮ್ಮಿನಲ್ಲಿ ಉಳಿದ ನಾಲ್ಕು ತೋಟಗಳಿಗೆ ಹನ್ನೊಂದು, ಒಂಬತ್ತು, ಹದಿನಾಲ್ಕು, ಹತ್ತು, ಐದನೆಯದಕ್ಕೆ ಎರಡು. ಐದೂ ತೋಟಗಳಲ್ಲಿ ಜನ ಸರಿಸುಮಾರು ಅಷ್ಟಷ್ಟೇ. ಮೊದಲನೇ ಅಂಕಿ ಆ ಎರಡು. ಎರಡನೆಯದು ಐದನೇ ತೋಟದ ಹಾಜರಿ, ಐದರಲ್ಲಿ ಎಲ್ಲಕ್ಕಿಂತ ಮೇಲೆ. ಮೂರನೆಯದು ಅಲ್ಲಿ ತೇಲಿದ ಹಣ್ಣು, ಐದರಲ್ಲಿ ಎಲ್ಲಕ್ಕಿಂತ ಕಡಿಮೆ. ಜನ ಇದ್ದದ್ದರಿಂದ ಹಣ್ಣು ಗಿಡದಲ್ಲೇ ಒಣಗಿ ಹಗುರಾಗುವ ಮೊದಲು ಕೊಯ್ಲಾಗುತ್ತಿತ್ತು. ಪೂರ್ತಿ ಕಾರಣ ಅದೊಂದೇ ಅಂತ ನಾನು ಹೇಳಲಾರೆ, ಗಿಡದ ವಯಸ್ಸು, ನೆರಳು ಎಲ್ಲ ಇದೆ. ಅದನ್ನೂ ಹೇಳಿಯೇ, ತೀರ್ಮಾನ ಕೇಳಬೇಕು: ಡಿಸ್ಪೆನ್ಸರಿ ಮುಚ್ಚುವುದೋ, ಉಳಿದ ತೋಟಗಳಿಗೂ ಇಂಥದ್ದು ಬೇಕೋ?

ಇದಕ್ಕಿಂತ ಒಳ್ಳೆಯ ಮೂರು ಅಂಕಿಗಳನ್ನು ನಾನು ಆ ಹಲಗೆಯಿಂದ ಯಾವತ್ತೂ ಹೆಕ್ಕಿರಲಿಲ್ಲ.

ಮೊದಲ ಸೋಮವಾರ ಮೀಟಿಂಗೇ ನಡೆಯಲಿಲ್ಲ, ದೊರೆಗಳೆಲ್ಲ ಯಾವುದೋ ಮದುವೆಗೆ ವಿರಾಜಪೇಟೆಗೆ ಹೋಗಿದ್ದರು. ಉಳಿದದ್ದು ಕೊನೆಯ ಸೋಮವಾರ. ಬೆಂಗಳೂರಿನಿಂದ ಡೈರೆಕ್ಟರು ಬಂದಿದ್ದರು. ಕೋಣೆಯಲ್ಲಿ ಹೊಸ ಮೇಜುಬಟ್ಟೆ, ಬಿಸ್ಕೆಟ್ಟು, ಒಳ್ಳೆಯ ಕಪ್ಪು ಸಾಸರು. ಭಾನುವಾರ ಅಕಾಲದಲ್ಲಿ ಅರ್ಧ ಇಂಚು ಮಳೆ ಸುರಿದಿತ್ತು. ದೊರೆಗಳ ಬಾಯಲ್ಲೆಲ್ಲ ಅದೇ ಮಾತು, ಕಣದಲ್ಲಿದ್ದ ಬೇಳೆ ಎಷ್ಟು ನೆನೆಯಿತು, ಹಣ್ಣು ಎಷ್ಟು ಉದುರಿತು. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಜೇಬಿನಲ್ಲಿ ನನ್ನ ಮೂರು ಅಂಕಿ ಬರೆದ ಚೀಟಿ.

ಇಲ್ಲಿ ನಾನು ಸುಳ್ಳು ಹೇಳಬಹುದು. ಆ ದಿನ ಮಳೆಯೇ ಮುಖ್ಯವಾಗಿತ್ತು, ಬೇರೆ ದಾರಿಯಿರಲಿಲ್ಲ ಅನ್ನಬಹುದು. ಎಷ್ಟೋ ಜನಕ್ಕೆ ಹಾಗೆಯೇ ಹೇಳಿದ್ದೇನೆ. ನಿಜ ಏನೆಂದರೆ, ಮಳೆಯ ಮೂರನ್ನು ಹೇಳಿದರೆ ನಾನು ಮಿಂಚುತ್ತೇನೆ ಅಂತ ನನಗೆ ಗೊತ್ತಿತ್ತು. ಉದುರಿದ ಹಣ್ಣು, ನೆನೆದ ಬೇಳೆ, ಗೋಡೌನಿನಲ್ಲಿ ಉಳಿದ ಜಾಗ. ಡೈರೆಕ್ಟರ ಮುಂದೆ ಕೈಯಲ್ಲಿ ಕೋಲು ಹಿಡಿದು ಒಂದು ಎರಡು ಮೂರು ಅಂದರೆ ಸಾಕು. ಕಾಯಿಲೆಯ ಮೂರು ಹೇಳಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬಹುದು, ಇವನಿಗೆ ಇವತ್ತೇ ಲೈನಿನ ಜ್ವರ ಕಂಡಿತಾ ಅನ್ನಬಹುದು. ಹೆಡ್‌ಕ್ಲಾರ್ಕಿನ ಕುರ್ಚಿ ಇನ್ನೂ ಖಾಲಿಯೇ ಇತ್ತು. ನಾಲ್ಕನೆಯ ಅಂಕಿಯಾಗಿ ಸೇರಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮೂರೇ ಅನ್ನುವುದು ನನ್ನ ಹೆಗ್ಗಳಿಕೆ. ಅದನ್ನು ನಾನೇ ಮುರಿಯಲೇ?

ಚೀಟಿಯನ್ನು ಜೇಬಿನಲ್ಲೇ ಬಿಟ್ಟೆ. ಮಳೆಯ ಮೂರು ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ.

ಡೈರೆಕ್ಟರು ಬೆನ್ನು ತಟ್ಟಿದರು. ಆಮೇಲೆ ದೊಡ್ಡ ದೊರೆ ಪಟ್ಟಿ ತೆಗೆದು ಏಳು ಕಾಲಮ್ಮುಗಳನ್ನು ಓದಿದರು. ಇಪ್ಪತ್ತೆರಡನೆಯದಕ್ಕೆ ಬಂದಾಗ ಒಂದು ಕ್ಷಣ ನಿಲ್ಲಿಸಿ ನನ್ನ ಕಡೆ ನೋಡಿದರು. ಕಾದರು ಅಂತಲೇ ಹೇಳಬೇಕು. ನಾನು ಕೋಲನ್ನು ಮೂಲೆಗೆ ಒರಗಿಸುವುದರಲ್ಲಿ ಮಗ್ನನಾದೆ. ಐದನೇ ತೋಟದ ದೊರೆ ಬಿಸ್ಕೆಟ್ಟು ಅದ್ದುತ್ತಿದ್ದರು. ಏಳಕ್ಕೂ ಗೆರೆ ಬಿತ್ತು.

ಕಾಲಮ್ಮುಗಳಿಗೆ ಕರಿ ಪೇಂಟು ಬಳಿಯಲು ಯಾರನ್ನಾದರೂ ಕಳಿಸುತ್ತೇನೆ ಅಂದರು. ನಾನೇ ಬಳಿಯುತ್ತೇನೆ ಅಂದೆ. ಯಾಕೆ ಹಾಗೆ ಅಂದೆನೋ ತಿಳಿಯದು. ಹಲಗೆಯ ಹಳೆಯ ಕಪ್ಪು ಬಣ್ಣ ಸೀಮೆಸುಣ್ಣದ ಧೂಳು ಕುಡಿದು ಬೂದಿಯಾಗಿತ್ತು. ಹೊಸ ಪೇಂಟು ಬಳಿದ ಕಡೆ ಮಾತ್ರ ಕಡುಗಪ್ಪು. ಅಳಿಸಿದ್ದು ಇನ್ನೂ ಎದ್ದು ಕಾಣುತ್ತಿತ್ತು.

ಜನವರಿಯ ಕೊನೆಗೆ ಡಿಸ್ಪೆನ್ಸರಿ ಮುಚ್ಚಿತು, ಕಾಂಪೌಂಡರು ರಿಜಿಸ್ಟರು ಒಪ್ಪಿಸಲು ಬಂದ. ಬೈಯುತ್ತಾನೆ ಅಂತ ಸಿದ್ಧನಾಗಿದ್ದೆ. ಅವನು ಬುತ್ತಿ ಬಿಚ್ಚಿ ಅರ್ಧ ನನ್ನ ಕಡೆ ಸರಿಸಿದ. "ಹೇಳಿದ್ಯಾ ತಮ್ಮ?" ಅಂತ ಕೇಳಿದ.

"ಆ ದಿನ ಮಳೆ ಆಗಿತ್ತಣ್ಣ," ಅಂದೆ.

ಅವನು ತಲೆಯಾಡಿಸಿದ. ಹೊರಡುವಾಗ, ಬಾವಿಗೆ ಪುಡಿ ಹಾಕೋದು ಯಾರಿಗಾದರೂ ವಹಿಸಿ, ಆ ಕಾಲು ಹುಣ್ಣಿನ ಹೆಂಗಸಿಗೆ ವಾರಕ್ಕೊಮ್ಮೆಯಾದರೂ ಲಾರಿಯಲ್ಲಿ ಆಸ್ಪತ್ರೆಗೆ ಜಾಗ ಕೊಡಿಸು ಅಂದ. ಆಗಲಿ ಅಂದೆ. ಐದನೇ ತೋಟದ ಲೆಕ್ಕ ಬರೆಯುವ ರೈಟರಿಗೆ ಒಂದು ಕಾಗದ ಬರೆದು ಕೈ ತೊಳೆದುಕೊಂಡೆ. ಏಪ್ರಿಲ್ಲಿನಲ್ಲಿ ನಾನು ಹೆಡ್‌ಕ್ಲಾರ್ಕಾದೆ.

ಮಳೆಗಾಲ ಬಂತು. ಐದನೇ ತೋಟದ ದಾರಿ ಎಂದಿನಂತೆ ಕೊಚ್ಚಿತು. ಲೈನಿನಲ್ಲಿ ಮೊದಲು ಭೇದಿ, ಆಮೇಲೆ ಜ್ವರ. ಇದು ನನಗೆ ಹಲಗೆಯಿಂದ ತಿಳಿಯಲಿಲ್ಲ, ಹಲಗೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಲಾರಿ ಡ್ರೈವರು ಹೇಳಿದ. ಆ ಹೆಂಗಸಿನ ಹುಣ್ಣು ಕೀವಾಗಿ ಏರಿ, ಮಡಿಕೇರಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಮೊಣಕಾಲಿನ ತನಕ ಕಪ್ಪಾಗಿತ್ತಂತೆ. ಕಾಲು ತೆಗೆದರು. ಅವಳ ಗಂಡ ಅವಳನ್ನು ಕರೆದುಕೊಂಡು ಊರಿಗೆ ಹೋದ. ಇನ್ನೂ ಕೆಲವು ಮನೆಯವರು ಗಂಟು ಕಟ್ಟಿದರು. ಶನಿವಾರದ ಚೀಟಿಯಲ್ಲಿ ಹೆಸರುಗಳಿರುತ್ತಿರಲಿಲ್ಲ, ಹಾಜರಿ ಇಳಿದದ್ದು ಮಾತ್ರ ಇರುತ್ತಿತ್ತು.

ನವೆಂಬರಿನ ಒಂದು ಸೋಮವಾರ ನನ್ನ ಮೂರು ಅಂಕಿಗಳು ಇವು: ಐದನೇ ತೋಟದ ಹಾಜರಿ, ಐದರಲ್ಲಿ ಎಲ್ಲಕ್ಕಿಂತ ಕೆಳಗೆ; ಕೊಯ್ಯದೆ ಹಣ್ಣು ಗಿಡದಲ್ಲೇ ನಿಂತಿರುವ ಎಕರೆ, ಏರಿದೆ; ತೇಲಿದ ಹಣ್ಣು, ದುಪ್ಪಟ್ಟು. ಹೋದ ವರ್ಷ ಚೀಟಿಯಲ್ಲಿ ಬರೆದುಕೊಂಡಿದ್ದನ್ನೇ ಈಗ ತಲೆಕೆಳಗಾಗಿ ಓದಿದಂತಿತ್ತು. ದೊಡ್ಡ ದೊರೆ ಕೇಳಿದರು. "ಹಾಜರಿ ಯಾಕೆ ಇಳಿಯಿತು?"

ನಾನು ಹಲಗೆಯ ಕಡೆ ತಿರುಗಿದೆ. ಕಿಟಕಿಯ ಪಕ್ಕ ಆ ಕಡುಗಪ್ಪು ಪಟ್ಟಿ. ಹೇಳಲು ಬೇಕಾದದ್ದೆಲ್ಲ ನನಗೆ ಗೊತ್ತಿತ್ತು, ಡ್ರೈವರು ಹೇಳಿದ್ದು, ರಿಜಿಸ್ಟರಿನಲ್ಲಿದ್ದದ್ದು, ಕಲ್ಲಿನ ಮೇಲೆ ಕೂತು ನಗಿಸಿದ್ದ ಹೆಂಗಸು. ಹೇಳಿದರೆ ಹೋದ ವರ್ಷ ಯಾಕೆ ಹೇಳಲಿಲ್ಲ ಅನ್ನುವುದು ಮುಂದಿನ ಪ್ರಶ್ನೆ.

"ಕಾರಣ ಹಲಗೆಯಲ್ಲಿಲ್ಲ ಸರ್," ಅಂದೆ.

"ಹಾಗಾದರೆ ಕೂಲಿಯವರ ಮೇಸ್ತ್ರಿಯ ಸಡಿಲ ಇರಬೇಕು," ಅಂದರು ಐದನೇ ತೋಟದ ದೊರೆ. ಮೇಸ್ತ್ರಿಯನ್ನು ಬದಲಾಯಿಸುವುದು ಅಂತ ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು.

ಅದಾದ ಮೇಲೆ ಒಂದು ಶನಿವಾರ ರಜೆ ಹಾಕಿ ಶನಿವಾರಸಂತೆಗೆ ಹೋದೆ. ಮೆಣಸಿನಕಾಯಿ ತರಲು ಅಂತ ಮನೆಯಲ್ಲಿ ಹೇಳಿದ್ದೆ. ಮೆಣಸಿನಕಾಯಿ ಕುಶಾಲನಗರದಲ್ಲೂ ಸಿಗುತ್ತಿತ್ತು. ಸಂತೆಯ ಅಂಚಿನಲ್ಲಿ, ಹಗ್ಗ ಮಾರುವವರ ಪಕ್ಕ, ಗೋಣಿಚೀಲದ ಮೇಲೆ ಮುಲಾಮಿನ ಡಬ್ಬಿ, ತಲೆನೋವಿನ ಎಣ್ಣೆ, ಗಾಯದ ಪುಡಿ ಇಟ್ಟುಕೊಂಡು ಅವನು ಕೂತಿದ್ದ. ನನ್ನನ್ನು ನೋಡಿ ಮುಖ ಅರಳಿತು. ಅದನ್ನು ನೋಡಿ ತಿರುಗಿ ಹೋಗಿಬಿಡಲೇ ಅನ್ನಿಸಿತು.

"ಬಾ ತಮ್ಮ, ಕೂತ್ಕೊ. ಹೆಡ್‌ಕ್ಲಾರ್ಕಾದ್ಯಂತೆ! ಈಗ ನಾನು ಕೇಳ್ತೀನಿ, ನೀನು ಹೇಳು. ಜಾಸ್ತಿ ಕೇಳಕಿಲ್ಲ, ನಿನ್ ಹಂಗೇ ಮೂರೇ ಮೂರು." ಬೆರಳು ಮಡಿಸಿದ. "ಲೈನಲ್ಲಿ ಈ ಮಳೆಗಾಲ ಎಷ್ಟ್ ಜನ ಮಲಗಿದ್ರು? ಬಾವಿಗೆ ಪುಡಿ ಯಾರ್ ಹಾಕ್ತಾವ್ರೆ? ಆ ನಮ್ಮ ಬಾಯ್ಬಡುಕಿ ಕಾಲು ಹೆಂಗದೆ?"

ವ್ಯಂಗ್ಯವಿರಲಿಲ್ಲ. ತಿಳಿಯಬೇಕಾಗಿತ್ತು, ಕೇಳಿದ. ಮೊದಲನೆಯದು ನನಗೆ ಗೊತ್ತಿರಲಿಲ್ಲ, ಯಾರೂ ಬರೆದಿಟ್ಟಿರಲಿಲ್ಲ. ಎರಡನೆಯದನ್ನು ನಾನು ವಿಚಾರಿಸಿಯೇ ಇರಲಿಲ್ಲ. ಮೂರನೆಯದು ಒಂದೇ ನನಗೆ ಗೊತ್ತಿದ್ದದ್ದು.

"ಎಲ್ಲ ಚೆನ್ನಾಗವ್ರೆ ಅಣ್ಣ," ಅಂದೆ.

"ಅವಳ ಕಾಲು?"

"ಪರವಾಗಿಲ್ಲ."

"ಮಾಗದೇ ಇರೋ ಹುಣ್ಣು ಕಣೋ ಅದು, ದಿನಾ ನೋಡ್ಬೇಕು," ಅಂತ ಗೋಣಿಯ ಮೇಲಿಂದ ಒಂದು ಡಬ್ಬಿ ಎತ್ತಿ, ಮುಚ್ಚಳ ಬಿಗಿ ಇದೆಯೇ ನೋಡಿ, ನನ್ನ ಕೈಗಿಟ್ಟ. "ಇದು ಅವಳಿಗೆ ಕೊಡು. ತೊಳೆದು ಹಚ್ಚು ಅನ್ನು. ಒಂದು ದಿನ ಬಿಟ್ರೆ ಬಂದು ಬೈತೀನಿ ಅಂದ್ನಂತೆ ಅಂತ ಹೇಳು."

ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಮೆಣಸಿನಕಾಯಿ ಕೊಳ್ಳದೆ, ಬಸ್ಸು ಹತ್ತಿದೆ.